ಪ್ರಬಂಧಕ್ಕಾಗಿ ರೋಗಿಗಳ ಮಾಹಿತಿ ಸಂಗ್ರಹಿಸಲು ಅನುಮತಿ ಕೋರಿ ವೈದ್ಯಕೀಯ ಅಧೀಕ್ಷಕರಿಗೆ ಮನವಿ ಪತ್ರ

ದಿನಾಂಕ: 12-01-2026

ಇಂದ,
ಶ್ರೀಲತಾ ಕೆ.,
ಎಂ.ಎಸ್ಸಿ. ನರ್ಸಿಂಗ್, ಎರಡನೇ ವರ್ಷ,
ಮೆಡಿಕಲ್ ಸರ್ಜಿಕಲ್ ನರ್ಸಿಂಗ್ ವಿಭಾಗ.

ಗೆ,
ವೈದ್ಯಕೀಯ ಅಧೀಕ್ಷಕರು.

ಮೂಲಕ: ಪ್ರಾಂಶುಪಾಲರು, ನರ್ಸಿಂಗ್ ಕಾಲೇಜು.

ಮಾನ್ಯರೇ,

ವಿಷಯ: ಸ್ನಾತಕೋತ್ತರ ಪ್ರಬಂಧಕ್ಕಾಗಿ ತಮ್ಮ ಆಸ್ಪತ್ರೆಯ ಮಧುಮೇಹ ಹೊರರೋಗಿ ವಿಭಾಗದಲ್ಲಿ ಮಾಹಿತಿ ಸಂಗ್ರಹಿಸಲು ಅನುಮತಿ ಕೋರಿ.

ಉಲ್ಲೇಖ: ನಮ್ಮ ಕಾಲೇಜಿನ ನೈತಿಕ ಸಮಿತಿಯ ಅನುಮೋದನೆ ಪತ್ರ, ದಿನಾಂಕ 22-12-2025.

‘ಟೈಪ್ 2 ಮಧುಮೇಹ ಇರುವವರಲ್ಲಿ ಪಾದದ ಆರೈಕೆಯ ಅರಿವು ಮತ್ತು ರೂಢಿ’ ಎಂಬ ವಿಷಯದ ಮೇಲೆ ನಾನು ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಓದು ಮುಂದುವರಿಸುವ ಮೊದಲು ಮೂರು ವರ್ಷ ಸ್ಟಾಫ್ ನರ್ಸ್ ಆಗಿದ್ದಾಗ ಡ್ರೆಸ್ಸಿಂಗ್ ಕೋಣೆಯಲ್ಲಿ ಕಂಡದ್ದೇ ಈ ವಿಷಯ ಆರಿಸಿಕೊಳ್ಳಲು ಕಾರಣ. ಚಪ್ಪಲಿಗೆ ರಕ್ತ ಅಂಟಿದ ಮೇಲಷ್ಟೇ ಗಾಯವಾದದ್ದು ತಿಳಿಯಿತು ಎನ್ನುವವರು ಅಲ್ಲಿಗೆ ಮತ್ತೆ ಮತ್ತೆ ಬರುತ್ತಿದ್ದರು. ಪಾದದ ಸ್ಪರ್ಶಜ್ಞಾನ ಹೋಗಿರುವುದೇ ಅವರಿಗೆ ಗೊತ್ತಿರಲಿಲ್ಲ. ಪಾದವನ್ನು ದಿನಾ ನೋಡಿಕೊಳ್ಳಿ ಎಂದು ನಾವು ಹೇಳಿದ್ದು ಎಷ್ಟು ಜನರಿಗೆ ತಲುಪಿದೆ, ತಲುಪಿದವರಲ್ಲಿ ಎಷ್ಟು ಮಂದಿ ಪಾಲಿಸುತ್ತಾರೆ ಎಂಬುದನ್ನು ನಾನು ತಿಳಿಯಬೇಕಿದೆ.

ಅರಿವಿನ ಪ್ರಮಾಣವನ್ನು ಶೇ. 50 ಎಂದಿಟ್ಟುಕೊಂಡು, ಶೇ. 95 ವಿಶ್ವಾಸ ಮಟ್ಟ ಮತ್ತು ಶೇ. 10 ದೋಷಮಿತಿಯಲ್ಲಿ ಲೆಕ್ಕ ಹಾಕಿದಾಗ 97 ಮಂದಿ ಬೇಕಾಗುತ್ತದೆ. ನಡುವೆ ಬಿಟ್ಟುಹೋಗುವವರನ್ನೂ ಎಣಿಸಿ 107 ಮಂದಿಯನ್ನು ಮಾತನಾಡಿಸಬೇಕೆಂದಿದ್ದೇನೆ. ಸೋಮವಾರ ಮತ್ತು ಗುರುವಾರದ ಕ್ಲಿನಿಕ್‌ಗಳಲ್ಲಿ, 02-02-2026ರಿಂದ 26-03-2026ರವರೆಗೆ, ದಿನಕ್ಕೆ ಏಳು ಮಂದಿಯಂತೆ ಇದು ಮುಗಿಯಬಹುದು. ನಡುವೆ ರಜೆ ಬಂದರೆ ಇನ್ನೊಂದು ವಾರ ಬೇಕಾದೀತು.

ಹೊರರೋಗಿ ವಿಭಾಗದ ನೂಕುನುಗ್ಗಲಿನ ನಡುವೆ ಒಬ್ಬ ವಿದ್ಯಾರ್ಥಿನಿ ಬಂದು ನಿಂತರೆ ಆಗುವ ಅಡಚಣೆ ನನಗೆ ಗೊತ್ತು. ನಾನೂ ಆ ಮೇಜಿನ ಆಚೆ ಕುಳಿತವಳೇ. ಹಾಗಾಗಿ ವೈದ್ಯರನ್ನು ಕಂಡು, ಔಷಧಿಗಾಗಿ ಕಾಯುತ್ತಿರುವವರನ್ನು ಮಾತ್ರ ಮಾತನಾಡಿಸುತ್ತೇನೆ. ಒಬ್ಬರಿಗೆ ಸುಮಾರು 20 ನಿಮಿಷ ಸಾಕು. ಪ್ರಶ್ನಾವಳಿಯ ನಂತರ 10 ಗ್ರಾಂ ಮೊನೊಫಿಲಮೆಂಟ್‌ನಿಂದ ಪಾದದ ಸ್ಪರ್ಶಜ್ಞಾನ ಪರೀಕ್ಷಿಸುತ್ತೇನೆ. ಅದು ಒತ್ತಿದರೆ ಬಾಗುವ ನೈಲಾನ್ ಎಳೆ, ಚರ್ಮಕ್ಕೆ ಚುಚ್ಚುವುದಿಲ್ಲ. ರಕ್ತದ ಮಾದರಿ ತೆಗೆಯುವುದಿಲ್ಲ, ಚಿಕಿತ್ಸೆಯಲ್ಲಿ ಯಾವ ಬದಲಾವಣೆಯನ್ನೂ ಸೂಚಿಸುವುದಿಲ್ಲ. ಪರೀಕ್ಷಿಸುವಾಗ ಹುಣ್ಣೋ ಸೋಂಕೋ ಕಣ್ಣಿಗೆ ಬಿದ್ದರೆ ಅಂದೇ ಕರ್ತವ್ಯದಲ್ಲಿರುವ ವೈದ್ಯರಿಗೆ ತಿಳಿಸುತ್ತೇನೆ. ಆಗ ಪ್ರಶ್ನಾವಳಿ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ.

ಒಪ್ಪಿಗೆ ಕೊಟ್ಟವರ ಕೇಸ್ ಶೀಟ್‌ನಿಂದ ವಯಸ್ಸು, ಲಿಂಗ, ಕಾಯಿಲೆ ಎಷ್ಟು ವರ್ಷದ್ದು, ಮಾತ್ರೆಯೋ ಇನ್ಸುಲಿನ್ನೋ, ಕಳೆದ ಮೂರು ತಿಂಗಳೊಳಗಿನ ಎಚ್‌ಬಿಎ1ಸಿ, ಹಿಂದೆ ಪಾದದಲ್ಲಿ ಹುಣ್ಣಾಗಿತ್ತೇ ಎಂಬಿಷ್ಟನ್ನು ಬರೆದುಕೊಳ್ಳಬೇಕಿದೆ. ದಾಖಲೆಗಳನ್ನು ತಮ್ಮ ದಾಖಲೆ ವಿಭಾಗದಲ್ಲೇ, ಅಲ್ಲಿನ ಸಿಬ್ಬಂದಿಯ ಎದುರಿನಲ್ಲೇ ನೋಡುತ್ತೇನೆ. ಮೊಬೈಲ್‌ನಲ್ಲಿ ಫೋಟೊ ತೆಗೆಯುವುದಾಗಲಿ, ಝೆರಾಕ್ಸ್ ಮಾಡಿಸುವುದಾಗಲಿ ಇಲ್ಲ. ಹೆಸರು, ವಿಳಾಸ, ಫೋನ್ ಸಂಖ್ಯೆ, ಒಪಿ ಸಂಖ್ಯೆ ಯಾವುದೂ ನನ್ನ ಮಾಹಿತಿ ಹಾಳೆಯಲ್ಲಿ ಇರುವುದಿಲ್ಲ, ಬರೀ ಸಂಕೇತ ಸಂಖ್ಯೆ ಇರುತ್ತದೆ. ಯಾವ ಸಂಖ್ಯೆ ಯಾರದ್ದೆಂಬ ಪಟ್ಟಿ ನನ್ನ ಮಾರ್ಗದರ್ಶಕರ ಬೀರುವಿನಲ್ಲಿ ಬೀಗದೊಳಗಿದ್ದು, ಪ್ರಬಂಧ ಸಲ್ಲಿಸಿದ ಮೇಲೆ ನಾಶವಾಗುತ್ತದೆ. ಆಸ್ಪತ್ರೆಯ ಹೆಸರು ಪ್ರಬಂಧದಲ್ಲಿ ಬರುವುದು ಬೇಡವೆಂದು ತಾವು ಹೇಳಿದರೆ ಅದನ್ನೂ ಬಿಡುತ್ತೇನೆ.

ಒಪ್ಪಿಗೆ ಪತ್ರ ಕನ್ನಡದಲ್ಲಿದೆ. ಓದಲು ಬಾರದವರಿಗೆ ನಾನೇ ಓದಿ ಹೇಳಿ, ಅಧ್ಯಯನಕ್ಕೆ ಸಂಬಂಧಪಡದ ಒಬ್ಬ ಸಾಕ್ಷಿಯ ಎದುರು ಹೆಬ್ಬೆಟ್ಟು ಪಡೆಯುತ್ತೇನೆ. ಬೇಡವೆಂದವರನ್ನು ಒತ್ತಾಯಿಸುವುದಿಲ್ಲ. ಒಪ್ಪಿದವರೂ ನಡುವೆ ಹಿಂದೆ ಸರಿಯಬಹುದು. ಅದರಿಂದ ಅವರ ಚಿಕಿತ್ಸೆಗೆ ತೊಂದರೆಯಿಲ್ಲ ಎಂಬುದನ್ನು ಪತ್ರದ ಮೊದಲ ಸಾಲಿನಲ್ಲೇ ಬರೆದಿದ್ದೇನೆ. 1964ರ ಹೆಲ್ಸಿಂಕಿ ಘೋಷಣೆ ಮತ್ತು ಅದರ ನಂತರದ ಪರಿಷ್ಕರಣೆಗಳ ತತ್ವಗಳಿಗೆ ಈ ಅಧ್ಯಯನ ಬದ್ಧವಾಗಿದೆ.

ಆಸ್ಪತ್ರೆಯ ಮೇಲೆ ಯಾವ ಖರ್ಚೂ ಬೀಳುವುದಿಲ್ಲ. ಕಾಯುವ ಜಾಗದ ಪಕ್ಕದಲ್ಲಿ ಪರದೆ ಇರುವ ಒಂದು ಮೂಲೆ ಮತ್ತು ಎರಡು ಕುರ್ಚಿ ಸಿಕ್ಕರೆ ಉಪಕಾರವಾಗುತ್ತದೆ, ಏಕೆಂದರೆ ನಾಲ್ಕು ಜನರ ಎದುರು ಪಾದ ತೋರಿಸಲು ಹಲವರು ಸಂಕೋಚಪಡುತ್ತಾರೆ. ಅಧ್ಯಯನದ ಫಲಿತಾಂಶದ ಒಂದು ಪ್ರತಿಯನ್ನು ತಮಗೂ, ಹೊರರೋಗಿ ವಿಭಾಗದ ನರ್ಸಿಂಗ್ ಮೇಲ್ವಿಚಾರಕರಿಗೂ ಸಲ್ಲಿಸುತ್ತೇನೆ.

ಆದ್ದರಿಂದ ಮೇಲ್ಕಂಡ ಅವಧಿಯಲ್ಲಿ ಮಾಹಿತಿ ಸಂಗ್ರಹಿಸಲು ಲಿಖಿತ ಅನುಮತಿ ನೀಡಬೇಕೆಂದು, ಮಧುಮೇಹ ವಿಭಾಗ ಮತ್ತು ದಾಖಲೆ ವಿಭಾಗಕ್ಕೆ ಸೂಚನೆ ಕೊಡಬೇಕೆಂದು ವಿನಂತಿಸುತ್ತೇನೆ. ಪ್ರಶ್ನಾವಳಿಯಲ್ಲಿ ಯಾವುದಾದರೂ ಪ್ರಶ್ನೆ ಸೂಕ್ತವಲ್ಲವೆಂದು ತಮಗೆ ಅನಿಸಿದರೆ, ನೈತಿಕ ಸಮಿತಿಯ ಗಮನಕ್ಕೆ ತಂದು ತಿದ್ದಿಕೊಳ್ಳುತ್ತೇನೆ. ಸಮಯ ಕೊಟ್ಟರೆ ಮಾರ್ಗದರ್ಶಕರೊಂದಿಗೆ ಬಂದು ಕಾಣುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಶ್ರೀಲತಾ ಕೆ.

ಅಡಕಗಳು: ನೈತಿಕ ಸಮಿತಿಯ ಅನುಮೋದನೆ ಪತ್ರ, ಮಾರ್ಗದರ್ಶಕರ ಶಿಫಾರಸು ಪತ್ರ, ಅಧ್ಯಯನದ ರೂಪರೇಖೆ, ಪ್ರಶ್ನಾವಳಿ, ಕನ್ನಡ ಒಪ್ಪಿಗೆ ಪತ್ರ, ಕಾಲೇಜಿನ ಗುರುತಿನ ಚೀಟಿಯ ಪ್ರತಿ.