ಡಬ್ಬಿ ಇಟ್ಟು ಹೋಗುವ ನಿಮಗೆಲ್ಲ ಆಯುಧ ಪೂಜೆಯ ಶುಭಾಶಯ

ತಿಪಟೂರಿನ ಮತ್ತು ಸುತ್ತಲ ಹಳ್ಳಿಗಳ ನಮ್ಮ ಎಲ್ಲ ಗಿರಾಕಿಗಳಿಗೆ ಆಯುಧ ಪೂಜೆ, ವಿಜಯದಶಮಿಯ ಶುಭಾಶಯಗಳು.

ನಾಳೆ, ಅಕ್ಟೋಬರ್ 1ರ ಬುಧವಾರ, ನಮ್ಮ ಮಿಲ್ಲಿನಲ್ಲಿ ಹಿಟ್ಟು ಬೀಸುವುದಿಲ್ಲ. ಬೆಲ್ಟು ಬಿಚ್ಚಿ, ಧೂಳು ಒರೆಸಿ, ಮೂರೂ ಮಿಷನ್ನಿಗೆ ಅರಿಶಿನ ಕುಂಕುಮ ಇಟ್ಟು ಬಾಳೆಕಂದು ಕಟ್ಟುತ್ತೇವೆ. ರಾಗಿಯದು, ಅಕ್ಕಿ ಗೋಧಿಯದು, ಖಾರದಪುಡಿಯದು. ವರ್ಷವಿಡೀ ದುಡಿದಿವೆ, ಎರಡು ದಿನ ಸುಮ್ನೆ ಕೂರಲಿ.

ಈ ಸಲ ಪೂಜೆಗೆ ನಿಮ್ಮ ಡಬ್ಬಿಗಳನ್ನೂ ಇಡುತ್ತೇವೆ.

ಈ ಆಷಾಢದಲ್ಲಿ ನಮ್ಮ ತಂದೆ ತೀರಿಕೊಂಡರು. 31 ವರ್ಷ ಮಿಲ್ ನಡೆಸಿದವರು ಅವರು. ಹದಿಮೂರು ದಿನ ಶಟರ್ ಎಳೆದೇ ಇತ್ತು. ಹದಿನಾಲ್ಕನೇ ದಿನ ಬೆಳಿಗ್ಗೆ ಬಂದು ನೋಡಿದರೆ, ಮೆಟ್ಟಿಲ ಮೇಲೆ ಆರು ಡಬ್ಬಿ, ಎರಡು ಬಟ್ಟೆ ಚೀಲ. ಹೆಸರಿಲ್ಲ, ಚೀಟಿಯಿಲ್ಲ. ಯಾವುದು ಯಾರ ಮನೆಯದು ಅಂತ ಅಪ್ಪನಿಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ನಮಗೆ ಸಂಜೆಯಾಯಿತು. ಅವತ್ತು ಒಬ್ಬರೂ ಬೇಗ ಕೊಡಿ ಅನ್ನಲಿಲ್ಲ. ಒಬ್ಬರು ಅಜ್ಜಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, "ನಿಮ್ಮಪ್ಪ ಇನ್ನೊಂಚೂರು ನಯಕ್ಕೆ ಬೀಸ್ತಿದ್ದ ಕಣಪ್ಪ" ಅಂದರು. ಅಂದಿನಿಂದ ರಾಗಿಯನ್ನು ಹಾಗೇ ಬೀಸುತ್ತಿದ್ದೇವೆ ಅಜ್ಜಿ.

ಮನೆಯ ಕಾಳನ್ನು ನಮ್ಮ ಕೈಗೆ ಬಿಟ್ಟು, ತೂಕವನ್ನೂ ನೋಡದೆ ಹೋಗುತ್ತೀರಿ. ಅಪ್ಪನ ಮೇಲಿದ್ದ ಆ ನಂಬಿಕೆಯನ್ನು ನಮ್ಮ ಮೇಲೂ ಇಟ್ಟಿದ್ದೀರಿ. ಇದಕ್ಕೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗದೆ ಪೇಪರಿನಲ್ಲಿ ಹಾಕಿಸಿದ್ದೇವೆ.

ಹಬ್ಬದ ಹಿಟ್ಟು, ಸಾರಿನ ಪುಡಿ ಕೊಟ್ಟವರು ಇಂದು ರಾತ್ರಿ 9ರೊಳಗೆ ಬಂದು ತೆಗೆದುಕೊಂಡು ಹೋಗಿ. ಆಗದಿದ್ದರೆ ಚಿಂತೆ ಬೇಡ. ಉಳಿದ ಡಬ್ಬಿಗಳಿಗೂ ನಾಳೆ ಹೂವು, ಕುಂಕುಮ ಇರುತ್ತದೆ. ಗುರುವಾರ ವಿಜಯದಶಮಿಗೂ ರಜೆ, ಶುಕ್ರವಾರ ಬೆಳಿಗ್ಗೆ 7ಕ್ಕೆ ಮತ್ತೆ ಮಿಲ್ ಶುರು.

ನಾಳೆ ಬೆಳಿಗ್ಗೆ 10ಕ್ಕೆ ಪೂಜೆ. ಮಕ್ಕಳನ್ನು ಕರೆದುಕೊಂಡು ಬನ್ನಿ, ಕಡ್ಲೆಪುರಿ, ಸಿಹಿ ತೆಗೆದುಕೊಂಡು ಹೋಗಿ. ಗಾಡಿ ಪೂಜೆ ಮಾಡುವವರಲ್ಲಿ ಒಂದು ಮನವಿ: ಒಡೆದ ಬೂದುಗುಂಬಳವನ್ನು ದಯವಿಟ್ಟು ರಸ್ತೆಯಿಂದ ಪಕ್ಕಕ್ಕೆ ಸರಿಸಿ. ಅದರ ಮೇಲೆ ಬೈಕ್ ಜಾರುತ್ತದೆ. ಹಬ್ಬದ ದಿನ ಯಾರ ಮನೆಯವರಿಗೂ ಪೆಟ್ಟಾಗುವುದು ಬೇಡ.

ಇಂತಿ ನಿಮ್ಮ,
ಸಂತೆ ಬೀದಿ ಹಿಟ್ಟಿನ ಮಿಲ್ಲಿನ ಅಣ್ಣ ತಮ್ಮ, ಅಮ್ಮ
ತಿಪಟೂರು