ಅಮ್ಮ ಆಸ್ಪತ್ರೆಯಿಂದ ಮನೆಗೆ ಬರುವ ಮೊದಲು: ಫ್ರಿಜ್ ಮೇಲಿನ ಹಾಳೆಗಳು

[ನೀಲಿ ಪೆನ್ನಿನದು ಅಕ್ಕನ ಕೈಬರಹ. ಪೆನ್ಸಿಲ್‌ನಲ್ಲಿರುವುದು ತಮ್ಮನದು. ಹೊಡೆದು ಹಾಕಿದ್ದನ್ನೂ ಹಾಗೇ ಇಟ್ಟಿದೆ.]

ಹಾಳೆ 1: ಹಾರ್ಡ್‌ವೇರ್ (ಶನಿ ಬೆಳಿಗ್ಗೆ, ತಮ್ಮ ಹೋಗಬೇಕು)

✓ ಸ್ಟೀಲ್ ಹಿಡಿಕೆ 18" – ~~1~~ 2 (ಕಮೋಡ್ ಪಕ್ಕ 1, ಸ್ನಾನದ ಜಾಗ 1)
~~ಗೋಡೆಗೆ ಅಂಟಿಸುವ ಹಿಡಿಕೆ – 2~~ ಬೇಡವೇ ಬೇಡ. ಅಮ್ಮ ಮೈಭಾರ ಪೂರ್ತಿ ಹಾಕಿದರೆ ಕಿತ್ತು ಬರುತ್ತದೆ, ಸ್ಕ್ರೂ ಹಾಕುವಂಥದ್ದೇ ತಾ.
✓ ಸ್ಕ್ರೂ 2" – ~~½ ಡ~~ 1 ಡ, ತುಕ್ಕು ಹಿಡಿಯದ್ದು
✓ ಪ್ಲಾಸ್ಟಿಕ್ ಪ್ಲಗ್ – 1 ಡ
✓ ಟೈಲ್ಸ್ ಬಿಟ್ 8 ಮಿ.ಮೀ – 1
  *(ಪೆನ್ಸಿಲ್)* ಅಕ್ಕ, ಟೈಲ್ಸ್ ದಾಟುವವರೆಗೂ ಡ್ರಿಲ್‌ನ ಹ್ಯಾಮರ್ ಆಫ್ ಇರಬೇಕು, ಇಲ್ಲಾಂದ್ರೆ ಸೀಳು ಬಿಡುತ್ತೆ. ನಾನೇ ಬಂದು ಹಾಕ್ತೀನಿ, ನೀನು ಕೈ ಹಾಕಬೇಡ.
✓ ರಾತ್ರಿ ದೀಪ – ~~1~~ ~~2~~ 3 (ಮಂಚ, ನಡುಮನೆ, ಬಚ್ಚಲು)
✓ ಜಾರದ ಮ್ಯಾಟ್ – 1, ಕೆಳಗೆ ರಬ್ಬರ್ ಇರೋದು
☐ ಬಚ್ಚಲ ಬಾಗಿಲಿಗೆ ಹೊರಗಿನಿಂದಲೂ ತೆರೆಯೋ ಚಿಲಕ – 1 → ಸೋಮ

ಹಾಳೆ 2: ಅಳತೆ (ಹಿಂಬದಿಯಲ್ಲಿ, ಅಡ್ಡಕ್ಕೆ ಬರೆದದ್ದು)

ಅಮ್ಮ: ಮಂಡಿ ಹಿಂದಿನಿಂದ ನೆಲಕ್ಕೆ 17"
ಕಮೋಡ್ ಸೀಟು 15½" + 4" ಎತ್ತರದ ಸೀಟು = 19½" ✓ ಸಾಕು
ಮಂಚ ~~16~~ 18" ✓
ನಡುಮನೆ ಸೋಫಾ 14" ✗✗ ಕೂರಿಸಬಾರದು!! ಡಾಕ್ಟರ್ ಹೇಳಿದ್ದು: ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು, ಮುಂದಕ್ಕೆ ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು.
→ ಊಟದ ಟೇಬಲ್ಲಿನ ಕುರ್ಚಿ 18", ಆದರೆ ಕೈ ಇಲ್ಲ. ಕೈ ಇರೋ ಕುರ್ಚಿ ಬೇಕು, ಕೈ ಊರಿ ಏಳಬೇಕಲ್ವಾ.
*(ಪೆನ್ಸಿಲ್)* ✓ ಆಫೀಸಿನ ಹಳೇದು ತರ್ತೀನಿ, 19". ~~ಚಕ್ರ ಇದೆ~~ ಚಕ್ರ ಬಿಚ್ಚಿಸಿ, ಮತ್ತೆ ಅಳೆದು ತರ್ತೀನಿ.

ಹಾಳೆ 3: ಮೆಡಿಕಲ್ + ಸಾಮಾನು

✓ ವಾಕರ್ – 1 (ಬಾಡಿಗೆ, 6 ವಾ.)
✓ ಮಾತ್ರೆ ಡಬ್ಬಿ 7 ದಿ. – 1
✓ ಬ್ಯಾಂಡೇಜ್ ~~2~~ 4 ಪ್ಯಾ.
✓ ಉದ್ದ ಹಿಡಿಯ ಶೂ ಚಮಚ – 1
~~ನೋವಿನ ಮಾತ್ರೆ 1 ಸ್ಟ್ರಿಪ್~~ ಬೇಡ! ರಕ್ತ ತೆಳು ಮಾಡೋ ಮಾತ್ರೆ ನಡೀತಿದೆ. ಚೀಟಿಯಲ್ಲಿ ಇರೋದು ಬಿಟ್ಟು ಬೇರೆ ಯಾವುದನ್ನೂ ಡಾಕ್ಟರನ್ನು ಕೇಳದೆ ಕೊಡಬಾರದು, ನೆರೆಯವರು ಎಷ್ಟು ಹೇಳಿದರೂ ಸರಿ.
ಅಕ್ಕಿ 5 ಕೆ ✓ ಸಕ್ಕರೆ 1 ಕೆ ✓ ಈರುಳ್ಳಿ ~~2~~ 1½ ಕೆ ✓
ಮೊಟ್ಟೆ 1 ಡ ✓ ಹಾಲು 1 ಲೀ × 2 ☐ (ನಾಳೆ)
ಸೋಪು ~~3~~ 0, ದ್ರವದ್ದು 500 ಮಿ.ಲೀ – 1 ✓ (ಗಟ್ಟಿ ಸೋಪು ಕೈಜಾರಿ ಬಿದ್ದರೆ ಅಮ್ಮ ಬಗ್ಗಿ ಎತ್ತೋಕೆ ಹೋಗ್ತಾರೆ, ನಮಗೆ ಗೊತ್ತಲ್ಲ ಅವರ ಸ್ವಭಾವ)
[ಇಲ್ಲಿ ನೀರು ಬಿದ್ದಿದೆ, ಒಂದು ಸಾಲು ಓದಲಾಗದು] … ¼ ಕೆ ✓

ಹಾಳೆ 4: ಆಗಬೇಕಾದದ್ದು

✓ ನಡುಮನೆಯ ಎರಡೂ ನೆಲಹಾಸು ಸುತ್ತಿ ಅಟ್ಟಕ್ಕೆ
✓ ಟಿವಿ ವೈರು ಗೋಡೆಗೆ ಟೇಪು, ದಾರಿಯಲ್ಲಿ ಒಂದೂ ಉಳಿಯಬಾರದು
✓ ಅಮ್ಮನ ಬಟ್ಟೆ ಕೆಳಗಿನ ಅರೆಯಿಂದ ನಡು ಅರೆಗೆ
½✓ ವಾಕರ್ ಬಾಗಿಲಲ್ಲಿ ಹಿಡಿಯುತ್ತಾ ನೋಡು. ಕೋಣೆ 29" ಸರಿ, ಬಚ್ಚಲು 24½", ವಾಕರ್ 24". ಅರ್ಧ ಇಂಚು ಮಾತ್ರ, ಬೆರಳು ತಾಗುತ್ತೆ.
*(ಪೆನ್ಸಿಲ್)* ಬಾಗಿಲನ್ನೇ ಬಿಚ್ಚಿ ಪರದೆ ಹಾಕೋಣ, 2" ಸಿಗುತ್ತೆ. ~~ಚಿಲಕ~~ ಚಿಲಕ ಬೇಡ ಹಾಗಾದ್ರೆ.
*(ನೀಲಿ)* ಅಮ್ಮ ಪರದೆಗೆ ಒಪ್ಪಲ್ಲ. ಫೋನಲ್ಲಿ ಕೇಳಿದೆ, "ಬಾಗಿಲು ಹಾಕ್ಕೊಳ್ಳೋ ಹಾಗಿರಬೇಕು" ಅಂದರು, ಅಷ್ಟೇ. ಅವರಿಗೆ ಅದು ಬೇಕು, ಅಂದಮೇಲೆ ನಾವು ಮಾಡಿಕೊಡಬೇಕು. ಬಾಗಿಲು ಹೊರಗೆ ತೆರೆಯೋ ಹಾಗೆ ತಿರುಗಿಸಿ, ಕೀಲು ಬದಲಿಸಿದರೆ ಪೂರ್ತಿ ಅಗಲ ಸಿಗುತ್ತಾ ಬಡಗಿಯನ್ನು ಕೇಳು. ಒಳಗೆ ಬಿದ್ದರೂ ಬಾಗಿಲು ತಳ್ಳಬೇಕಾಗಿಲ್ಲ, ಅದೂ ಒಳ್ಳೇದೇ.
*(ಪೆನ್ಸಿಲ್)* ✓ ಕೇಳಿದೆ. ಆಗುತ್ತೆ. ಕೀಲು 4" – 3, ಸೋಮ ಬೆ. 9ಕ್ಕೆ ಬರ್ತಾರೆ. ಚಿಲಕ ಮತ್ತೆ ಬೇಕು! [ಹಾಳೆ 1ಕ್ಕೆ ಬಾಣದ ಗುರುತು]
~~ಮಂಚದ ಪಕ್ಕ ಕರೆಗಂಟೆ~~ ✓ ಕರೆಗಂಟೆ ಇರಲಿ, ಆದರೆ ನಾವು ಓಡಿ ಬರೋಕೆ ಮಾತ್ರ. ರಾತ್ರಿ ಎದ್ದು ಅವರೇ ಹೋಗುವಷ್ಟು ಅಭ್ಯಾಸ ಆಗೋವರೆಗೆ ನಾನು ಆ ಕೋಣೆಯಲ್ಲೇ ಮಲಗ್ತೀನಿ.
*(ಪೆನ್ಸಿಲ್)* ಒಂದು ದಿನ ನೀನು, ಒಂದು ದಿನ ನಾನು. ನಿನ್ನ ಬೆನ್ನು ನೋವು ಗೊತ್ತಿದೆ ಅಕ್ಕ.
☐ ಫಿಸಿಯೋ ಸಮಯ ಕೇಳಬೇಕು (~~ಮಂ~~ ಬು, ಬೆ. 10?)
☐ ಆಸ್ಪತ್ರೆಯಿಂದ ಕರೆತರೋ ಕಾರು: ಮುಂದಿನ ಸೀಟು ಹಿಂದಕ್ಕೆ ತಳ್ಳಿ, ಕೆಳಗೆ ಗಟ್ಟಿ ದಿಂಬು 1
☐ ಹೊಲಿಗೆ ಬಿಚ್ಚೋ ದಿನ ಬರೆದುಕೊಂಡು ಬಾ, ಬಿಲ್ ಹಿಂದೆ ಅಲ್ಲ, ಇಲ್ಲೇ