ನಿಮ್ಮ ಹಾಳೆತಟ್ಟೆ ಆರ್ಡರ್: ಒಂದು ಭಾಗ ಇವತ್ತು ಹೊರಟಿದೆ, ಉಳಿದದ್ದು ನವೆಂಬರ್ 28ಕ್ಕೆ

ಪೆರ್ಲ, 14 ನವೆಂಬರ್ 2025

ವಿಟ್ಲದ ಶೆಟ್ರಿಗೆ ನಮಸ್ಕಾರ,

ನವೆಂಬರ್ 3ರಂದು ನೀವು ಕೊಟ್ಟ ಆರ್ಡರ್‌ನಲ್ಲಿ 10 ಇಂಚಿನ 8,000 ತಟ್ಟೆ, 10,000 ಬಟ್ಟಲು ಪೂರ್ತಿ ಆಗಿದೆ. 12 ಇಂಚಿನದ್ದು ಮಾತ್ರ 6,000ದಲ್ಲಿ 2,000 ಕಳುಹಿಸುತ್ತಿದ್ದೇನೆ. 4,000 ಬಾಕಿ. ಇದನ್ನು ನಿಮಗೆ ಮೊದಲೇ ಹೇಳಬೇಕಿತ್ತು, ತಡವಾಯ್ತು. ಕ್ಷಮಿಸಿ.

ಕಾರಣ ಹೇಳುತ್ತೇನೆ. 12 ಇಂಚಿಗೆ ಅಗಲದ ಹಾಳೆಯೇ ಬೇಕು, ಅಲ್ವಾ? ಕಳೆದ ವಾರ ಬಂದ ಹಾಳೆ ಸರಿಯಾಗಿ ಒಣಗಿರಲಿಲ್ಲ. ಒತ್ತಿ ನೋಡಿದೆವು. ಅಚ್ಚಿನಿಂದ ತೆಗೆದಾಗ ಚೆನ್ನಾಗಿತ್ತು, ಎರಡು ದಿನ ಬಿಟ್ಟು ನೋಡಿದರೆ ಅಂಚಿನಲ್ಲಿ ಕರಿ ಚುಕ್ಕೆ. ಅಂಥ ತಟ್ಟೆ ಮದುವೆ ಮನೆ ಪಂಕ್ತಿಗೆ ಹೋಗಬಾರದು. ಆ ಕಟ್ಟುಗಳನ್ನೆಲ್ಲ ಪಕ್ಕಕ್ಕಿಟ್ಟೆ. ಬೇರೆ ತೋಟದ ಹಾಳೆ ಈಗ ಅಂಗಳದಲ್ಲಿ ಬಿಸಿಲಿಗಿದೆ. ಮಡಚಿದರೆ ಪಟಕ್ಕೆಂದು ಮುರಿಯುವಷ್ಟು ಒಣಗಿದ ಮೇಲೆಯೇ ನೀರಲ್ಲಿ ನೆನೆಸಿ, ತೊಳೆದು, ಒತ್ತುವುದು.

ಬಾಕಿ 4,000 ತಟ್ಟೆ ನವೆಂಬರ್ 28, ಶುಕ್ರವಾರ ನಿಮ್ಮ ಅಂಗಡಿಗೆ ಬರುತ್ತದೆ. ನಡುವೆ ಮಳೆ ಬಂದು ದಿನ ಜಾರುವ ಹಾಗೆ ಕಂಡರೆ 24ರ ಒಳಗೆ ನಾನೇ ಫೋನ್ ಮಾಡುತ್ತೇನೆ. ಎರಡನೇ ಸಲದ ಪಿಕಪ್ ಬಾಡಿಗೆ ನನ್ನದೇ.

ಬಿಲ್ ಎರಡು ಬೇರೆ ಬೇರೆ. ಹೋದ ಮಾಲಿಗಷ್ಟೇ ಬಿಲ್, ಬಾರದ ಮಾಲಿಗೆ ಈಗ ದುಡ್ಡು ಬೇಡ. ಇವತ್ತಿನ ಬಿಲ್ ನಂಬ್ರ 118. 10 ಇಂಚಿಗೆ 28,000, ಬಟ್ಟಲಿಗೆ 18,000, 12 ಇಂಚಿನ 2,000ಕ್ಕೆ 10,000, ಒಟ್ಟು 56,000 ರೂಪಾಯಿ. ನೀವು ಕೊಟ್ಟ ಅಡ್ವಾನ್ಸ್ 25,000 ಇದರಲ್ಲೇ ಪೂರ್ತಿ ಕಳೆದಿದ್ದೇನೆ. ಹಾಗಾಗಿ 31,000 ಉಳಿಯುತ್ತದೆ, ಅದಕ್ಕೆ ಎಂದಿನಂತೆ 15 ದಿನ, ಅಂದರೆ ನವೆಂಬರ್ 29. ಬಾಕಿ ಮಾಲಿನ 20,000ಕ್ಕೆ ಹೊಸ ಬಿಲ್ ಅದರ ಜೊತೆಗೇ ಬರುತ್ತದೆ. ರೇಟು ತಟ್ಟೆಗೆ ಅದೇ 5 ರೂಪಾಯಿ. ಅದರ 15 ದಿನ ಆ ಬಿಲ್ಲಿನ ತಾರೀಕಿನಿಂದ ಲೆಕ್ಕ.

ಪಿಕಪ್ ಅಡ್ಕಸ್ಥಳ ದಾರಿಯಾಗಿ ಸಂಜೆಯೊಳಗೆ ತಲುಪುತ್ತದೆ. 34 ಪೆಟ್ಟಿಗೆ ಇದೆ: ತಟ್ಟೆ 16, ಬಟ್ಟಲು 10, 12 ಇಂಚಿನದ್ದು 8. ಇಳಿಸುವಾಗಲೇ ಎಣಿಸಿ, ಬಿಲ್ಲಿನ ಪ್ರತಿಯಲ್ಲಿ ಸಹಿ ಹಾಕಿ ಡ್ರೈವರ್ ಕೈಗೆ ಕೊಡಿ.

28ರ ಮೊದಲೇ 12 ಇಂಚಿನದ್ದು ಯಾರಿಗಾದರೂ ಕೊಡುವುದಿದ್ದರೆ ಮಂಗಳವಾರ, 18ರೊಳಗೆ ತಿಳಿಸಿ. ಅಷ್ಟಕ್ಕೆ 10 ಇಂಚಿನ ತಟ್ಟೆ ಬೇಕಾದರೆ ಕೊಡುತ್ತೇನೆ, ಸಾಲದಿದ್ದರೆ ಆ 4,000 ರದ್ದು ಮಾಡಿದರೂ ನನಗೆ ಬೇಸರವಿಲ್ಲ. ನಿಮ್ಮ ಗಿರಾಕಿಯ ಮುಂದೆ ನಿಮ್ಮ ಮಾತು ಉಳಿಯಬೇಕು.

ಇತಿ,
ರಾಮಕೃಷ್ಣ
ಹಾಳೆತಟ್ಟೆ ಘಟಕ, ಪೆರ್ಲ